ಮಲ್ಲಿಗೆ ಮೊಗ್ಗಿನ ಟೆರಾಕೋಟಾ ಸರ ಮತ್ತು ಜುಮುಕಿ ಸೆಟ್ – ಕೈಯಲ್ಲೇ ಮಾಡಿದ್ದು, ಬಣ್ಣ ಬಳಿಯದ ಕೆಂಪು-ಕಪ್ಪು ಮಣ್ಣಿನ ಒಡವೆ, ಮಂಡ್ಯ

ಬೆಲೆ: 850 ರೂಪಾಯಿ. ಕರ್ನಾಟಕದೊಳಗೆ ಅಂಚೆ ವೆಚ್ಚ ಸೇರಿದೆ, ಹೊರರಾಜ್ಯಕ್ಕೆ 60 ರೂಪಾಯಿ ಜಾಸ್ತಿ.
ಸೆಟ್‌ನಲ್ಲಿ: ಒಂದು ಸರ, ಒಂದು ಜೊತೆ ಜುಮುಕಿ, ಇಟ್ಟುಕೊಳ್ಳಲು ಹತ್ತಿಬಟ್ಟೆಯ ಚೀಲ.
ಸದ್ಯ ಸಿದ್ಧ ಇರುವುದು: 6 ಸೆಟ್.

ಮೈಸೂರು ಮಲ್ಲಿಗೆಯ ಬಿಗಿ ಮೊಗ್ಗನ್ನು ನೋಡಿಕೊಂಡು ಈ ಮಣಿಗಳನ್ನು ತಿದ್ದಿದ್ದೇವೆ. ಅಚ್ಚು ಬಳಸಿಲ್ಲ. ಸರದಲ್ಲಿ 24 ಕೆಂಪು ಮೊಗ್ಗುಗಳಿವೆ, ನಡುನಡುವೆ ಸಣ್ಣ ಕಪ್ಪು ಗುಂಡುಮಣಿ, ಕೆಳಗೆ ಅರಳಿದ ಹೂವಿನ ಪದಕ. ಜುಮುಕಿಯ ಬುಟ್ಟಿ ಕಪ್ಪು, ಅದರ ಅಂಚಿಗೆ ಪುಟ್ಟ ಕೆಂಪು ಮೊಗ್ಗುಗಳು ನೇತಾಡುತ್ತವೆ.

ಬಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಕ್ಕೇ ವಿವರವಾಗಿ ಹೇಳುತ್ತೇವೆ. ಇದರಲ್ಲಿ ಪೇಂಟ್ ಇಲ್ಲ, ವಾರ್ನಿಷ್ ಕೂಡ ಇಲ್ಲ. ಮಡಕೆ ಮಾಡುವವರಿಂದ ಕೆರೆಯ ಜೇಡಿಮಣ್ಣು ತಂದು, ನೆನೆಸಿ, ತೆಳು ಬಟ್ಟೆಯಲ್ಲಿ ಸೋಸುತ್ತೇವೆ. ಒಂದು ಸಣ್ಣ ಕಲ್ಲು ಉಳಿದರೂ ಸುಡುವಾಗ ಮಣಿ ಸೀಳುತ್ತದೆ. ತಿದ್ದಿದ ಮಣಿ ನೆರಳಲ್ಲಿ ಅರ್ಧ ಒಣಗಿದಾಗ ಕೆಮ್ಮಣ್ಣಿನ ತಿಳಿ ಸವರಿ, ನುಣ್ಣನೆಯ ಕಲ್ಲಿನಿಂದ ಉಜ್ಜುತ್ತೇವೆ. ಫೋಟೋದಲ್ಲಿ ಕಾಣುವ ಮೆರುಗು ಈ ಉಜ್ಜುವಿಕೆಯದ್ದು. ಪೂರ್ತಿ ಒಣಗಿದ ಮೇಲೆ ಬೆರಣಿ ಮತ್ತು ಭತ್ತದ ಹೊಟ್ಟಿನಲ್ಲಿ ಸುಡುತ್ತೇವೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಅದೇ ಮಣ್ಣನ್ನು ಹೊಟ್ಟಿನ ಜೊತೆ ಮಡಕೆಯಲ್ಲಿಟ್ಟು, ಗಾಳಿಯಾಡದಂತೆ ಬಾಯಿ ಮೆತ್ತಿ ಸುಟ್ಟರೆ ಹೊಗೆ ಹಿಡಿದು ಕಪ್ಪಾಗುತ್ತದೆ. ಎರಡೂ ಬಣ್ಣ ಮಣ್ಣಿನೊಳಗೇ ಇರುವುದರಿಂದ ಸಿಪ್ಪೆಯ ಹಾಗೆ ಏಳುವುದಿಲ್ಲ. ಕಪ್ಪು ಮಣಿಗಳನ್ನು ತೊಳೆದು, ಬಿಳಿ ಬಟ್ಟೆಗೆ ಮಸಿ ಹತ್ತುವುದು ನಿಲ್ಲುವ ತನಕ ಒರೆಸಿಯೇ ಪೋಣಿಸುತ್ತೇವೆ.

ಬೆಂಕಿಯ ಕೆಲಸವಾದ್ದರಿಂದ ಎರಡು ಸೆಟ್ ಒಂದೇ ತರ ಬರುವುದಿಲ್ಲ. ಕೆಲವು ಮೊಗ್ಗು ಇಟ್ಟಿಗೆ ಕೆಂಪು, ಕೆಲವು ಸ್ವಲ್ಪ ಕಂದು. ಅಲ್ಲಲ್ಲಿ ಹೊಗೆಯ ಕಲೆ ಇರಬಹುದು, ಮಣಿಯ ಅಳತೆಯಲ್ಲಿ 1-2 ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ನಮಗೆ ಅದೇ ಇಷ್ಟ. ಎಲ್ಲವೂ ಒಂದೇ ಸಮ ಇರಬೇಕು ಅನ್ನುವವರು ದಯವಿಟ್ಟು ಆರ್ಡರ್ ಮಾಡುವ ಮೊದಲು ಮೆಸೇಜ್ ಮಾಡಿ. ನಿಮಗೆ ಬರುವ ಸೆಟ್‌ನ ಫೋಟೋವನ್ನೇ ಹಗಲು ಬೆಳಕಿನಲ್ಲಿ ತೆಗೆದು ಕಳಿಸುತ್ತೇವೆ.

ಸರದ ಉದ್ದ 48ರಿಂದ 65 ಸೆಂಟಿಮೀಟರ್, ಹಿಂದಿನ ಹತ್ತಿ ದಾರ ಎಳೆದು ಹೊಂದಿಸಿಕೊಳ್ಳಬಹುದು. ತೂಕ ಸುಮಾರು 38 ಗ್ರಾಂ. ಜುಮುಕಿ 4.5 ಸೆಂಟಿಮೀಟರ್ ಉದ್ದ, ಒಂದೊಂದೂ 7 ಗ್ರಾಂ. ಕಿವಿಯ ತೂತು ಜಗ್ಗಿರುವವರಿಗೆ ಇಡೀ ದಿನಕ್ಕೆ ಇದು ಭಾರ ಅನ್ನಿಸಬಹುದು. ಅಂಥವರಿಗೆ ಬುಟ್ಟಿ ಬಿಟ್ಟು ಬರೀ ಮೊಗ್ಗಿನ ಓಲೆ ಮಾಡಿಕೊಡುತ್ತೇವೆ, ಬೆಲೆ ಅಷ್ಟೇ. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲ್‌ನದು. ಅದರಲ್ಲಿ ನಿಕಲ್ ಅಂಶ ಇರುತ್ತದೆ. ನಿಕಲ್ ಅಲರ್ಜಿ ಇದ್ದರೆ ಬೆಳ್ಳಿಯ ಕೊಕ್ಕೆ ಕೇಳಿ, 180 ರೂಪಾಯಿ ಜಾಸ್ತಿಯಾಗುತ್ತದೆ.

ಇದು ಮಣ್ಣು. ಗ್ರಾನೈಟ್ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ನೀರಿಗೆ ಕರಗುವುದಿಲ್ಲ, ಆದರೆ ನೀರು, ಬೆವರು, ಎಣ್ಣೆ ಹೀರುತ್ತದೆ. ಸ್ನಾನಕ್ಕೆ, ಮಲಗುವಾಗ ಬಿಚ್ಚಿಡಿ. ಸೆಂಟು ಹಾಕಿಕೊಂಡು ಅದು ಆರಿದ ಮೇಲೆ ಸರ ಹಾಕಿ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ದಾರ ಸವೆದರೆ ಸರ ಕಳಿಸಿಕೊಡಿ, ಎಷ್ಟು ವರ್ಷವಾದರೂ ಪೋಣಿಸಿ ಕೊಡುತ್ತೇವೆ, ಅಂಚೆ ಖರ್ಚು ಮಾತ್ರ ನಿಮ್ಮದು.

ಹತ್ತಿ ಸೀರೆ, ಇಳಕಲ್, ಖಾದಿ ಕುರ್ತಾಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಒಂದೇ ಬಣ್ಣದ ಮೈಸೂರು ಸಿಲ್ಕ್ ಸೀರೆಗೂ ಸರಿ, ಮಣಿಗಳ ಅಂಚು ನುಣುಪಾಗಿದೆ, ರೇಷ್ಮೆಗೆ ಸಿಕ್ಕಿಕೊಳ್ಳುವುದಿಲ್ಲ. ಜಾಸ್ತಿ ಜರಿ ಇರುವ ಮದುವೆ ಸೀರೆಗೆ ನಾವು ಇದನ್ನು ಹೇಳುವುದಿಲ್ಲ, ಮಣ್ಣಿನ ಬಣ್ಣ ಅಲ್ಲಿ ಮಂಕಾಗಿ ಕಾಣುತ್ತದೆ.

ಆರ್ಡರ್ ಆದ 3 ದಿನದೊಳಗೆ ಮಂಡ್ಯದಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ. ಸೆಟ್ ಮುಗಿದಿದ್ದರೆ ಹೊಸದಕ್ಕೆ 3 ವಾರ ಬೇಕು. ಮಳೆಗಾಲದಲ್ಲಿ ಮಣ್ಣು ಒಣಗುವುದು ನಿಧಾನ, ದಸರಾಕ್ಕೆ ಬೇಕಾದವರು ಒಂದು ತಿಂಗಳು ಮೊದಲೇ ಹೇಳಿ. ದಾರಿಯಲ್ಲಿ ಒಡೆದಿದ್ದರೆ 48 ಗಂಟೆಯೊಳಗೆ ಫೋಟೋ ಕಳಿಸಿ. ಬದಲಿ ಸೆಟ್ ಅಥವಾ ಪೂರ್ತಿ ಹಣ, ಯಾವುದು ಬೇಕೋ ನೀವೇ ಹೇಳಿ. ಇಷ್ಟವಾಗದಿದ್ದರೆ 7 ದಿನದೊಳಗೆ ಸರ ವಾಪಸ್ ತೆಗೆದುಕೊಳ್ಳುತ್ತೇವೆ. ಜುಮುಕಿ ಕಿವಿಗೆ ಹಾಕುವ ವಸ್ತು, ಹಾಗಾಗಿ ಒಡೆಯದ ಹೊರತು ವಾಪಸ್ ಇಲ್ಲ. ಸರ ಮಾತ್ರ ಮರಳಿಸಿದರೆ 550 ರೂಪಾಯಿ ಹಿಂದಿರುಗುತ್ತದೆ.

ಹುಡುಕುಪದಗಳು: ಟೆರಾಕೋಟಾ ಸರ, ಟೆರಾಕೋಟಾ ಜುಮುಕಿ, ಮಣ್ಣಿನ ಒಡವೆ, ಮಣ್ಣಿನ ಸರ, ಮಲ್ಲಿಗೆ ಮೊಗ್ಗಿನ ಸರ, ಕೈಯಿಂದ ಮಾಡಿದ ಆಭರಣ, ಹ್ಯಾಂಡ್‌ಮೇಡ್ ಜ್ಯುವೆಲರಿ ಮಂಡ್ಯ, ಕೆಂಪು ಕಪ್ಪು ಮಣಿಸರ, ಪೇಂಟ್ ಇಲ್ಲದ ಟೆರಾಕೋಟಾ, ಹತ್ತಿ ಸೀರೆಗೆ ಸರ, ಖಾದಿ ಕುರ್ತಾಗೆ ಸರ, 1000 ರೂಪಾಯಿ ಒಳಗಿನ ಉಡುಗೊರೆ