ಬೈಂಡಿಂಗ್ ಬಾಬ್ತಿಗೆ ₹54,320 ಪುನರ್ವಿನಿಯೋಗ: ಗ್ರಂಥಾಲಯ ವಿಭಾಗದ ಸಮರ್ಥನಾ ಟಿಪ್ಪಣಿ

ಕಡತ: ಗ್ರಂ.ವಿ./ಬಜೆಟ್/7/2025-26
ಮುಂಬಯಿ, 9 ಜನವರಿ 2026

ಗೌರವ ಕೋಶಾಧಿಕಾರಿಯವರ ಮೂಲಕ ಅಧ್ಯಕ್ಷರಿಗೆ

1. 2025-26ನೇ ಸಾಲಿಗೆ ಗ್ರಂಥಾಲಯ ವಿಭಾಗಕ್ಕೆ ಒಟ್ಟು ₹6,40,000 ಮಂಜೂರಾಗಿದೆ. ಕಾರ್ಯಕಾರಿ ಸಮಿತಿ 9 ಫೆಬ್ರವರಿ 2025ರಂದು ಒಪ್ಪಿದ ಬಜೆಟ್ ಇದು. ಇದರಲ್ಲಿ ₹5,80,000 ಚಾಲ್ತಿ ಖರ್ಚಿಗೆ, ₹60,000 ಸ್ಟೀಲ್ ರ‍್ಯಾಕ್ ಖರೀದಿಗೆ. ಈ ಟಿಪ್ಪಣಿಯಲ್ಲಿ ಹೊಸ ಹಣ ಕೇಳುತ್ತಿಲ್ಲ. ಚಾಲ್ತಿ ಖರ್ಚಿನ ಮೂರು ಬಾಬ್ತುಗಳಲ್ಲಿ ಉಳಿಯುವ ಹಣವನ್ನು 'ಬೈಂಡಿಂಗ್ ಮತ್ತು ಪುಸ್ತಕ ಸಂರಕ್ಷಣೆ' ಬಾಬ್ತಿಗೆ ಹಾಕಿಕೊಳ್ಳಲು ಅನುಮತಿ ಕೇಳುತ್ತಿದ್ದೇವೆ. ವಿಭಾಗದ ಒಟ್ಟು ಮೊತ್ತ ಒಂದು ರೂಪಾಯಿಯೂ ಬದಲಾಗುವುದಿಲ್ಲ.

2. ಹಣ ಯಾಕೆ ಬೇಕಾಯಿತು

ನವೆಂಬರಿನಲ್ಲಿ ಸುಣ್ಣ ಹೊಡೆಸಲು ಪಶ್ಚಿಮದ ಗೋಡೆಯ ಮರದ ಬೀರುಗಳನ್ನು ಸರಿಸಿದಾಗ ಹಿಂಬದಿಯಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳು ಕಂಡವು. ನೆಲ ಮತ್ತು ಗೋಡೆ ಸೇರುವ ಕಡೆಯಿಂದ ಹೊರಟು ಬೀರುವಿನ ಮೂರನೇ ಹಲಗೆಯವರೆಗೆ ಹೋಗಿದ್ದವು. ಅದೇ ಗೋಡೆಯಲ್ಲಿ ಮಳೆಗಾಲದ ಸೋರಿಕೆ ಇತ್ತು. ಸೋರಿಕೆಯನ್ನು ಕಟ್ಟಡ ವಿಭಾಗ ತನ್ನ ಬಾಬ್ತಿನಿಂದಲೇ ಸರಿಪಡಿಸಿದೆ, ಆ ಖರ್ಚು ಇಲ್ಲಿ ಸೇರಿಲ್ಲ. ಗೆದ್ದಲಿಗೆ ತೇವ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನಲ್ಲಿ ಅದಕ್ಕೆ ಬರವಿಲ್ಲ.

ಗ್ರಂಥಪಾಲಕರು ಬೀರುಗಳನ್ನು ಪೂರ್ತಿ ಖಾಲಿ ಮಾಡಿಸಿ ಪಟ್ಟಿ ಮಾಡಿದ್ದಾರೆ. ಹಾನಿಯಾದ ಪುಸ್ತಕಗಳು 212. ಅವುಗಳಲ್ಲಿ 62ಕ್ಕೆ ನಮ್ಮಲ್ಲೇ ಇನ್ನೊಂದು ಪ್ರತಿ ಇದೆ ಅಥವಾ ಹೊಸ ಮುದ್ರಣ ಅಂಗಡಿಯಲ್ಲಿ ಸಿಗುತ್ತದೆ. ಅವನ್ನು ಲೆಕ್ಕದಿಂದ ತೆಗೆಯಲು ಬೇರೆ ಟಿಪ್ಪಣಿ ಬರುತ್ತದೆ. ಉಳಿದ 150 ಹೆಚ್ಚಾಗಿ ಹಳೆಯ ಮಾಸಪತ್ರಿಕೆಗಳ ವಾರ್ಷಿಕ ಸಂಪುಟಗಳು. ಇವುಗಳ ಬೆನ್ನು ಮತ್ತು ರಟ್ಟು ಹೋಗಿವೆ, ಒಳಗಿನ ಪುಟಗಳು ಬಹುಪಾಲು ಚೆನ್ನಾಗಿವೆ. ಈಗ ಕಟ್ಟಿಸಿದರೆ ಉಳಿಯುತ್ತವೆ. ದುಡ್ಡು ಕೊಟ್ಟರೂ ಇವು ಮತ್ತೆ ಸಿಗುವುದಿಲ್ಲ.

ಖರ್ಚಿನ ಅಂದಾಜು ಹೀಗಿದೆ. ಗೆದ್ದಲು ಚಿಕಿತ್ಸೆಗೆ ಮೂರು ಕೊಟೇಶನ್ ಬಂದಿವೆ: ₹24,000, ₹27,500 ಮತ್ತು ₹31,000. ಕಡಿಮೆಯದನ್ನು ಹಿಡಿದಿದ್ದೇವೆ. 18% ಜಿಎಸ್‌ಟಿ ಸೇರಿ ₹28,320. ಗೋಡೆಯ ಬುಡದುದ್ದಕ್ಕೂ ಸುಮಾರು ಅಡಿಗೊಂದರಂತೆ ತೂತು ಕೊರೆದು ಔಷಧಿ ತುಂಬುತ್ತಾರೆ, ಆಮೇಲೆ ಎರಡು ಸಲ ಬಂದು ನೋಡುತ್ತಾರೆ. ಪುಸ್ತಕಗಳ ಮೇಲೆ ಔಷಧಿ ಸಿಂಪಡಿಸುವುದಿಲ್ಲ ಎಂದು ಬರೆಸಿಕೊಂಡಿದ್ದೇವೆ. ಬೈಂಡಿಂಗ್‌ಗೆ ಸಂಪುಟಕ್ಕೆ ₹220ರಂತೆ 150ಕ್ಕೆ ₹33,000. ಮೈದಾ ಅಂಟಿಗೆ ಮೈಲುತುತ್ತ ಬೆರೆಸಬೇಕು ಎಂಬುದು ಈ ದರದ ಷರತ್ತು. ಬರೀ ಮೈದಾ ಹಚ್ಚಿದರೆ ಹುಳುಗಳಿಗೆ ಊಟ ಬಡಿಸಿದಂತೆ.

ಎರಡೂ ಸೇರಿ ₹61,320. ಬೈಂಡಿಂಗ್ ಬಾಬ್ತಿಗೆ ಮಂಜೂರಾದದ್ದು ₹35,000. ಡಿಸೆಂಬರ್ 31ರವರೆಗೆ ₹21,400 ಖರ್ಚಾಗಿದೆ, ₹6,600ರ ಬಿಲ್ ಬರಬೇಕಿದೆ. ಕೈಯಲ್ಲಿರುವುದು ₹7,000. ಕೊರತೆ ₹54,320.

ಬಜೆಟ್ ಮಾಡುವಾಗ ಇದನ್ನು ಯಾಕೆ ಊಹಿಸಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಿಂದಿನ ವರ್ಷದ ಸ್ಟಾಕ್ ತಪಾಸಣೆಯಲ್ಲಿ ಪುಸ್ತಕಗಳನ್ನು ಎಣಿಸಿದ್ದರು, ಬೀರುಗಳನ್ನು ಸರಿಸಿರಲಿಲ್ಲ. ಮುಂದಿನ ತಪಾಸಣೆಯಿಂದ ಗೋಡೆಯ ಬದಿಯನ್ನೂ ನೋಡಬೇಕೆಂದು ಸೂಚನೆ ಹೋಗಿದೆ.

3. ಏಪ್ರಿಲ್‌ವರೆಗೆ ಯಾಕೆ ಕಾಯಬಾರದು

ಕೊಟೇಶನ್ ಜನವರಿ 31ರವರೆಗೆ ಮಾತ್ರ ಊರ್ಜಿತ. ಅದಕ್ಕಿಂತ ಮುಖ್ಯ ಕಾರಣ ಬೇರೆ ಇದೆ. ಖಾಲಿ ಮಾಡಿದ ಪುಸ್ತಕಗಳು ಈಗ ಓದುವ ಕೋಣೆಯ ಮೇಜುಗಳ ಮೇಲಿವೆ. ಅರ್ಧ ಕೋಣೆ ಮುಚ್ಚಿದೆ. ಚಿಕಿತ್ಸೆ ಆಗದೆ ಅವನ್ನು ವಾಪಸ್ ಇಡುವಂತಿಲ್ಲ. ಏಪ್ರಿಲ್‌ನಲ್ಲಿ ಹೊಸ ಬಜೆಟ್‌ನಿಂದ ಶುರು ಮಾಡಿದರೆ ಬೈಂಡಿಂಗ್ ಮುಗಿಯುವಷ್ಟರಲ್ಲಿ ಮತ್ತೆ ಮಳೆ ಬಂದಿರುತ್ತದೆ. ಒದ್ದೆ ಹವೆಯಲ್ಲಿ ಕಟ್ಟಿದ ಪುಸ್ತಕದ ಅಂಟು ಒಣಗದೆ ಬೂಸ್ಟು ಹಿಡಿಯುತ್ತದೆ.

4. ಹಣ ಎಲ್ಲಿಂದ ಬರುತ್ತದೆ

ಉಪನ್ಯಾಸ ಮತ್ತು ಸಾಹಿತ್ಯ ಕಾರ್ಯಕ್ರಮ: ಮಂಜೂರಾತಿ ₹1,10,000. ಈವರೆಗೆ ಖರ್ಚು ₹58,700. ಫೆಬ್ರವರಿಯ ಕಾರ್ಯಕ್ರಮಕ್ಕೆ ₹14,000 ಬೇಕು. ಆಕಸ್ಮಿಕ ಖರ್ಚಿಗೆ ₹3,000 ಇಟ್ಟುಕೊಂಡರೆ ₹34,300 ಉಳಿಯುತ್ತದೆ. ಡಿಸೆಂಬರಿನ ಎರಡು ದಿನದ ಉಪನ್ಯಾಸವನ್ನು ಠಾಣೆಯ ಕನ್ನಡ ಬಳಗದ ಜೊತೆ ಸೇರಿ ಮಾಡಿದೆವು. ಧಾರವಾಡದಿಂದ ಬಂದ ಉಪನ್ಯಾಸಕರ ಪ್ರಯಾಣ, ವಸತಿ ಮತ್ತು ಹಾಲ್ ಬಾಡಿಗೆಯನ್ನು ಅವರೇ ಕೊಟ್ಟರು. ಉಳಿತಾಯ ಬಂದದ್ದು ಅಲ್ಲಿಂದ. ಕಾರ್ಯಕ್ರಮ ಯಾವುದನ್ನೂ ಕೈಬಿಟ್ಟಿಲ್ಲ.

ಪತ್ರಿಕೆ ಮತ್ತು ನಿಯತಕಾಲಿಕ: ಮಂಜೂರಾತಿ ₹42,000. ಖರ್ಚು ₹24,100, ಮಾರ್ಚ್‌ವರೆಗೆ ಇನ್ನೂ ₹7,900. ಉಳಿಯುವುದು ₹10,000. ಯಾರೂ ಮುಟ್ಟದ ಮೂರು ನಿಯತಕಾಲಿಕಗಳ ಚಂದಾ ಮುಂದುವರಿಸಲಿಲ್ಲ.

ಪುಸ್ತಕ ಖರೀದಿ: ಮಂಜೂರಾತಿ ₹90,000. ಖರ್ಚು ₹61,200, ಆರ್ಡರ್ ಕೊಟ್ಟದ್ದು ₹18,500. ಉಳಿಯುವುದು ₹10,300. ಅದರಲ್ಲಿ ₹10,020 ಮಾತ್ರ ತೆಗೆಯುತ್ತಿದ್ದೇವೆ. ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯಲ್ಲಿ ಕೊಂಡದ್ದರಿಂದ ಪಟ್ಟಿಯ ಎಲ್ಲ ಪುಸ್ತಕಗಳೂ ಕಡಿಮೆಗೆ ಬಂದವು. ಗ್ರಂಥಾಲಯದಲ್ಲಿ ಪುಸ್ತಕದ ದುಡ್ಡಿಗೆ ಕೈ ಹಾಕುವುದು ಕೊನೆಯ ದಾರಿ. ಹಾಗಾಗಿಯೇ ಮೊದಲ ಎರಡು ಬಾಬ್ತುಗಳಲ್ಲಿ ಸಿಕ್ಕಿದ್ದನ್ನೆಲ್ಲ ತೆಗೆದ ಮೇಲೆ, ಕಡಿಮೆ ಬಿದ್ದಷ್ಟನ್ನು ಮಾತ್ರ ಇಲ್ಲಿಂದ ತೆಗೆದಿದ್ದೇವೆ.

| ಬಾಬ್ತು | ಮಂಜೂರಾತಿ ₹ | ಬದಲಾವಣೆ ₹ | ಪರಿಷ್ಕೃತ ₹ |
|---|---|---|---|
| ಸಂಬಳ | 2,76,000 | 0 | 2,76,000 |
| ಪುಸ್ತಕ ಖರೀದಿ | 90,000 | −10,020 | 79,980 |
| ಪತ್ರಿಕೆ, ನಿಯತಕಾಲಿಕ | 42,000 | −10,000 | 32,000 |
| ಬೈಂಡಿಂಗ್, ಸಂರಕ್ಷಣೆ | 35,000 | +54,320 | 89,320 |
| ಕಾರ್ಯಕ್ರಮ | 1,10,000 | −34,300 | 75,700 |
| ಕರೆಂಟ್, ಫೋನ್, ಸ್ಟೇಷನರಿ | 27,000 | 0 | 27,000 |
| ಒಟ್ಟು | 5,80,000 | 0 | 5,80,000 |

5. ಮುಟ್ಟದೆ ಬಿಟ್ಟ ಹಣ

ಸಂಬಳದ ಬಾಬ್ತಿನಲ್ಲಿ ಸುಮಾರು ₹32,000 ಕಣ್ಣಿಗೆ ಬೀಳುತ್ತದೆ. ಸಹಾಯಕರ ಜಾಗ ಸೆಪ್ಟೆಂಬರಿನಿಂದ ಖಾಲಿ ಇದೆ. ಸಂಬಳದ ಹಣವನ್ನು ಬೇರೆ ಖರ್ಚಿಗೆ ಹಾಕುವಂತಿಲ್ಲ ಎಂದು ನಮ್ಮ ಹಣಕಾಸು ನಿಯಮವೇ ಹೇಳುತ್ತದೆ. ನೇಮಕಾತಿಯೂ ನಡೆಯುತ್ತಿದೆ.

ರ‍್ಯಾಕ್‌ನ ₹60,000 ಆಸ್ತಿ ಖರೀದಿಯ ಹಣ. ಅದನ್ನು ರಿಪೇರಿ, ಬೈಂಡಿಂಗ್‌ನಂಥ ಚಾಲ್ತಿ ಖರ್ಚಿಗೆ ತಿರುಗಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇವೆ. ಸರ್ಕಾರಿ ಲೆಕ್ಕದಲ್ಲೂ ಬಂಡವಾಳದಿಂದ ರಾಜಸ್ವಕ್ಕೆ ಹೀಗೆ ದಾಟಿಸುವಂತಿಲ್ಲ. ಒಂದು ಅನುದಾನದಿಂದ ಇನ್ನೊಂದಕ್ಕೂ ಇಲ್ಲ. ಎರಡು ದತ್ತಿ ನಿಧಿಗಳ ಬಡ್ಡಿಯಂತೂ ದಾನಿಗಳು ಹೇಳಿದ ಬಹುಮಾನಗಳಿಗೇ ಮೀಸಲು. ಅದರ ಬಗ್ಗೆ ಯೋಚನೆಯನ್ನೇ ಮಾಡಿಲ್ಲ.

6. ಅಧಿಕಾರದ ಮಿತಿ

ನಿಯಮದ ಪ್ರಕಾರ ಕೋಶಾಧಿಕಾರಿಯವರು ಒಬ್ಬರೇ ₹25,000ದವರೆಗೆ, ಅಧ್ಯಕ್ಷರು ಮತ್ತು ಕೋಶಾಧಿಕಾರಿ ಜೊತೆಯಾಗಿ ₹75,000ದವರೆಗೆ ಮಂಜೂರು ಮಾಡಬಹುದು. ಯಾವ ಬಾಬ್ತಿನಿಂದಲೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಕಾರ್ಯಕ್ರಮದ ಬಾಬ್ತಿನಿಂದ ಹೋಗುತ್ತಿರುವುದು ಶೇ. 31, ಅಂದರೆ ಮಿತಿಗೆ ಹತ್ತಿರ, ಆದರೆ ಒಳಗೆ. ಮೊತ್ತವನ್ನು ಮೂರು ತುಂಡು ಮಾಡಿ ಸಣ್ಣ ಸಣ್ಣ ಆದೇಶ ತೆಗೆದುಕೊಳ್ಳುವ ಸಲಹೆಯೊಂದು ವಿಭಾಗದ ಸಭೆಯಲ್ಲಿ ಬಂದಿತ್ತು. ಕೆಲಸ ಒಂದೇ, ಆದ್ದರಿಂದ ಆದೇಶವೂ ಒಂದೇ ಇರಬೇಕು ಎಂದು ಅದನ್ನು ಒಪ್ಪಲಿಲ್ಲ. ಬೈಂಡಿಂಗ್ ಬಾಬ್ತು ಎರಡು ಪಟ್ಟಿಗಿಂತ ಜಾಸ್ತಿ ಆಗುವುದರಿಂದ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ತಿಳಿಸಬೇಕಾಗುತ್ತದೆ.

ಇದು ಕೈಗಡವಲ್ಲ. ಹಣ ಕೊಟ್ಟ ಬಾಬ್ತುಗಳಿಗೆ ಮಾರ್ಚ್‌ನಲ್ಲಿ ಮತ್ತೆ ತುಂಬಿಸಿ ಎಂದು ವಿಭಾಗ ಕೇಳುವುದಿಲ್ಲ. ಮುಂದಿನ ವರ್ಷದ ಬಜೆಟ್‌ಗೂ ಈ ₹89,320 ಆಧಾರವಾಗಬಾರದು, ಮೂಲದ ₹35,000ವನ್ನೇ ಹಿಡಿಯಬೇಕು.

ಗೌರವ ಕಾರ್ಯದರ್ಶಿ, ಗ್ರಂಥಾಲಯ ವಿಭಾಗ

---

ಕೋಶಾಧಿಕಾರಿಯವರ ಷರಾ, 12 ಜನವರಿ 2026

ಲೆಕ್ಕ ತಾಳೆ ನೋಡಿದ್ದೇನೆ, ಸರಿ ಇದೆ. ಎರಡು ವಿಷಯಕ್ಕೆ ಉತ್ತರ ಬೇಕು.

ಒಂದು, ಕಾರ್ಯಕ್ರಮದ ಬಾಬ್ತಿನಲ್ಲಿ ಇಷ್ಟು ಹಣ ಉಳಿಯುತ್ತದೆ ಅಂದರೆ ನಾವು ಬಜೆಟ್‌ನಲ್ಲೇ ಸುಮ್ನೆ ಜಾಸ್ತಿ ಹಾಕಿದ್ದೇವೆ ಅಲ್ವಾ?

ಎರಡು, ಮರದ ಬೀರು ತೆಗೆದು ₹60,000ದ ಸ್ಟೀಲ್ ರ‍್ಯಾಕ್ ತರುತ್ತಿದ್ದೇವೆ. ಗೆದ್ದಲಿಗೆ ತಿನ್ನಲು ಮರವೇ ಇಲ್ಲದ ಮೇಲೆ ₹28,320 ಕೊಟ್ಟು ಔಷಧಿ ಯಾಕೆ?

ವಿಭಾಗದ ಉತ್ತರ, 14 ಜನವರಿ 2026

ಮೊದಲನೆಯದು: 2024-25ರಲ್ಲಿ ಈ ಬಾಬ್ತಿಗೆ ₹1,05,000 ಕೊಟ್ಟಿದ್ದೀರಿ, ₹1,04,600 ಖರ್ಚಾಗಿತ್ತು. ಅಂದಾಜು ದೊಡ್ಡದಾಗಿರಲಿಲ್ಲ. ಈ ವರ್ಷ ಜೊತೆಗೂಡಿದವರು ದುಡ್ಡು ಕೊಟ್ಟರು. ಮುಂದಿನ ವರ್ಷವೂ ಕೊಡುತ್ತಾರೆ ಎಂದು ಬಜೆಟ್ ಕಡಿಮೆ ಮಾಡುವುದು ಬೇಡ.

ಎರಡನೆಯದು: ರ‍್ಯಾಕ್ ಬರುವುದು ಎರಡು ಬೀರುಗಳ ಜಾಗಕ್ಕೆ ಮಾತ್ರ, ಉಳಿದ ಬೀರುಗಳು ಇರುತ್ತವೆ. ಅಲ್ಲದೆ ಗೆದ್ದಲು ಬರುತ್ತಿರುವುದು ನೆಲದಿಂದ, ಗೋಡೆಯ ಬಿರುಕಿನ ಮೂಲಕ. ಸ್ಟೀಲನ್ನು ಅದು ತಿನ್ನುವುದಿಲ್ಲ ನಿಜ, ಆದರೆ ಅದರ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಕಾಗದದವರೆಗೆ ಹೋಗುತ್ತದೆ. ಹಳೆಯ ಸ್ಟೀಲ್ ಕಪಾಟಿನ ಹಿಂದೆಯೂ ಒಂದು ಗೆರೆ ಸಿಕ್ಕಿದೆ. ಫೋಟೋ ಲಗತ್ತಿಸಿದ್ದೇವೆ.

ಕೋಶಾಧಿಕಾರಿ: ಒಪ್ಪಿದೆ. ಶಿಫಾರಸು ಮಾಡಿದ್ದೇನೆ. 15 ಜನವರಿ 2026

---

ಆದೇಶ, 16 ಜನವರಿ 2026

ಪ್ಯಾರಾ 4ರ ಪಟ್ಟಿಯಂತೆ ₹54,320 ಪುನರ್ವಿನಿಯೋಗವನ್ನು ಮಂಜೂರು ಮಾಡಲಾಗಿದೆ. ಈ ಹಣವನ್ನು ಗೆದ್ದಲು ಚಿಕಿತ್ಸೆಗೆ ಮತ್ತು ಪಟ್ಟಿಯಲ್ಲಿರುವ 150 ಸಂಪುಟಗಳ ಬೈಂಡಿಂಗ್‌ಗೆ ಮಾತ್ರ ಬಳಸಬೇಕು. ಮೊದಲು ಚಿಕಿತ್ಸೆ, ಆಮೇಲೆ ಬೈಂಡಿಂಗ್. ಕೆಲಸ ಮುಗಿದು, ಗ್ರಂಥಪಾಲಕರು ಎಣಿಸಿ ಸಹಿ ಹಾಕಿದ ಸಂಪುಟಗಳಿಗೆ ಮಾತ್ರ ಬಿಲ್ ಪಾಸಾಗಬೇಕು. ಹಣ ಲ್ಯಾಪ್ಸ್ ಆಗುತ್ತದೆ ಎಂದು ಮಾರ್ಚ್ 31ರ ಹೊತ್ತಿಗೆ ಬೈಂಡರ್‌ಗೆ ಅಡ್ವಾನ್ಸ್ ಕೊಡುವಂತಿಲ್ಲ. ಆ ದಿನ ಉಳಿದದ್ದು ಸಾಮಾನ್ಯ ನಿಧಿಗೆ ವಾಪಸ್.

ಅಧ್ಯಕ್ಷರು / ಕೋಶಾಧಿಕಾರಿ

ಪ್ರತಿ: ಲೆಕ್ಕಪತ್ರ ವಿಭಾಗ (ಬಜೆಟ್ ರಿಜಿಸ್ಟರ್‌ನ ನಾಲ್ಕೂ ಬಾಬ್ತುಗಳಲ್ಲಿ ಇಂದೇ ನಮೂದಿಸಲು), ಆಡಿಟರ್, ಗ್ರಂಥಪಾಲಕರು, ಕಾರ್ಯಕಾರಿ ಸಮಿತಿಯ ಫೆಬ್ರವರಿ ಸಭೆಯ ಕಡತ.