ಲೆಕ್ಕದ ಪುಸ್ತಕದಿಂದ ಸ್ಪ್ರೆಡ್‌ಶೀಟ್‌ಗೆ: ಆರು ಸಂಜೆಯ ಪಾಠ

ಸ್ಥಳ: ತಿಪಟೂರು, ಗ್ರಂಥಾಲಯದ ಮಹಡಿ ಕೋಣೆ
ಸಮಯ: ನವೆಂಬರ್ 3ರಿಂದ 14, ಸೋಮ, ಬುಧ, ಶುಕ್ರ, ಸಂಜೆ 6.30ರಿಂದ 8
ಶುಲ್ಕ: 300 ರೂ. ಹನ್ನೆರಡು ಜನಕ್ಕೆ ಮಾತ್ರ, ಕಂಪ್ಯೂಟರ್ ಇರುವುದೇ ಹನ್ನೆರಡು.

ಅಂಗಡಿ ಲೆಕ್ಕ, ಸಂಘದ ಉಳಿತಾಯ, ಕೊಬ್ಬರಿ ಮಾರಿದ ಲೆಕ್ಕ ಬರೆದಿಡುವವರಿಗಾಗಿ ಈ ಪಾಠ. ಮೌಸ್ ಹಿಡಿಯಲು ಬಂದರೆ ಸಾಕು. ಕಲಿಸುವುದು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ. ಅದು ಉಚಿತ. ಇಲ್ಲಿ ಕಲಿತದ್ದು ಎಕ್ಸೆಲ್‌ನಲ್ಲೂ ನಡೆಯುತ್ತದೆ.

ಮೊದಲ ಸಂಜೆ. ಸಾಲು, ಕಂಬ, ಸೆಲ್. ನಿಮ್ಮ ಪುಸ್ತಕದ ಒಂದು ಪುಟವನ್ನು ಹಾಗೇ ಟೈಪ್ ಮಾಡುವುದು. ಕನ್ನಡ ಯೂನಿಕೋಡ್‌ನಲ್ಲೇ ಇರಲಿ. ಸೇವ್ ಮಾಡದೆ ಯಾರೂ ಮನೆಗೆ ಹೋಗುವಂತಿಲ್ಲ.

ಎರಡನೇ ಸಂಜೆ. ತೂಕ B ಕಂಬದಲ್ಲಿ, ದರ C ಕಂಬದಲ್ಲಿ. D ಕಂಬದಲ್ಲಿ ಗುಣಿಸಿ, ಮೊತ್ತ ತೆಗೆಯುವುದು:

```
=B2*C2
=SUM(D2:D31)
```

ಸೂತ್ರವನ್ನು ಮೂಲೆ ಹಿಡಿದು ಕೆಳಗೆ ಎಳೆದಾಗ B2 ತಾನೇ B3 ಆಗುತ್ತದೆ. ಕಮಿಷನ್ ದರ ಹಾಗೆ ಜಾರಬಾರದು ಎಂದರೆ $F$1 ಎಂದು ಬರೆಯಬೇಕು.

ಮೂರನೇ ಸಂಜೆ: ತಪ್ಪು ಹಿಡಿಯುವುದು. ನನ್ನ ಪ್ರಕಾರ ಇದೇ ಮುಖ್ಯ, ಇದಕ್ಕೆ ಅರ್ಧ ಗಂಟೆ ಜಾಸ್ತಿ ಇಟ್ಟಿದ್ದೇನೆ. ಒಂದರ ಕೆಳಗೊಂದು 1200, 850 ರೂ, 400 ಎಂದು ಬರೆದು SUM ಹಾಕಿದರೆ 1600 ಬರುತ್ತದೆ. 850 ಎಲ್ಲಿ ಹೋಯಿತು? ಪಕ್ಕದಲ್ಲಿ "ರೂ" ಇದ್ದುದರಿಂದ ಅದು ಅಂಕಿಯಲ್ಲ, ಅಕ್ಷರ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿದ್ದೇ ಸುಳಿವು. ಯಂತ್ರ ಏನೂ ಹೇಳದೆ ಸುಮ್ನೆ ಬಿಟ್ಟುಬಿಡುತ್ತದೆ, ಅದೇ ಕಷ್ಟ. ತಾರೀಖಿನದೂ ಇದೇ ಕಥೆ: 05/06 ಜೂನ್ 5 ಅಲ್ವಾ? ಸೆಟ್ಟಿಂಗ್ ಅಮೆರಿಕದ್ದಾದರೆ ಅದು ಮೇ 6.

ನಾಲ್ಕನೇ ಸಂಜೆ. ಸಾರ್ಟ್ ಮತ್ತು ಫಿಲ್ಟರ್. ಒಮ್ಮೆ ನಾನು ಸಂಘದ ಪಟ್ಟಿಯಲ್ಲಿ ಹೆಸರಿನ ಕಂಬ ಒಂದನ್ನೇ ಸಾರ್ಟ್ ಮಾಡಿದೆ. ಒಬ್ಬರ ಉಳಿತಾಯ ಇನ್ನೊಬ್ಬರ ಹೆಸರಿಗೆ ಹೋಯಿತು. ಅದಕ್ಕೇ, ಮೊದಲು ನಕಲು ಪ್ರತಿ, ಆಮೇಲೆ ಇಡೀ ಪಟ್ಟಿ ಆಯ್ದು ಸಾರ್ಟ್. A ಕಂಬದಲ್ಲಿ ನಗದು ಅಥವಾ ಉದ್ರಿ ಎಂದು ಬರೆದಿದ್ದರೆ ಉದ್ರಿ ಎಷ್ಟೆಂದು ಹೀಗೆ ಸಿಗುತ್ತದೆ:

```
=SUMIF(A2:A40,"ಉದ್ರಿ",D2:D40)
```

ಐದನೇ ಸಂಜೆ. ಪ್ರಿಂಟ್. ಒಂದು ಕಂಬ ಮಾತ್ರ ಎರಡನೇ ಹಾಳೆಗೆ ಹೋಗದಂತೆ ಅಗಲ ಹೊಂದಿಸುವುದು, ಪ್ರತಿ ಹಾಳೆಯಲ್ಲೂ ತಲೆಬರಹ ಬರಿಸುವುದು. ಸಮಯ ಉಳಿದರೆ ಒಂದು ಚಾರ್ಟ್.

ಆರನೇ ಸಂಜೆ. ಪರೀಕ್ಷೆ ಇಲ್ಲ. ಅಕ್ಟೋಬರ್ ತಿಂಗಳ ನಿಮ್ಮದೇ ಲೆಕ್ಕ ಪೂರ್ತಿ ಹಾಕಿ, ಪುಸ್ತಕದಲ್ಲಿ ಕೈಯಾರೆ ಕೂಡಿದ ಮೊತ್ತದ ಜೊತೆ ತಾಳೆ ನೋಡುವುದು. ತಾಳೆಯಾಗದಿದ್ದರೆ ತಪ್ಪು ಶೀಟ್‌ನಲ್ಲಿದೆಯೋ ಪುಸ್ತಕದಲ್ಲಿದೆಯೋ ಒಟ್ಟಿಗೆ ಕೂತು ಹುಡುಕೋಣ.

ತರಬೇಕಾದ್ದು: ಲೆಕ್ಕದ ಪುಸ್ತಕ, ಪೆನ್‌ಡ್ರೈವ್, ಓದುವ ಕನ್ನಡಕ. ಗಿರಾಕಿಗಳ ಹೆಸರು ಬೇರೆಯವರಿಗೆ ಕಾಣಬಾರದು ಎಂದಿದ್ದರೆ ಗಿ1, ಗಿ2 ಎಂದು ಬರೆದುಕೊಂಡು ಬನ್ನಿ.