ಅಕ್ಕನಿಗೆ ಏನಾಗಿದೆ ಸಿಸ್ಟರ್?

ಆಸ್ಪತ್ರೆಯ ವಾರ್ಡಿಗೆ ಮಧ್ಯಾಹ್ನ ಬಂದ ಫೋನ್. ಮಾಡಿದವರು ಅಲ್ಲಿ ದಾಖಲಾಗಿರುವ ಸರೋಜಾ ಅವರ ತಂಗಿ. ಎತ್ತಿದವರು ವಾರ್ಡಿನ ಹಿರಿಯ ನರ್ಸ್.

ತಂಗಿ: ಸಿಸ್ಟರ್, ನಾನು ಸರೋಜಾಳ ತಂಗಿ. ನಿನ್ನೆ ಸ್ಕ್ಯಾನ್ ಮಾಡಿಸಿದರಂತೆ. ರಿಪೋರ್ಟಿನಲ್ಲಿ ಏನು ಬಂತು?

ನರ್ಸ್: ನಮಸ್ಕಾರ ಅಮ್ಮಾ. ನಿಮ್ಮ ಅಕ್ಕ ಇಲ್ಲೇ ಇದ್ದಾರೆ. ಕೇಳಿದವರಿಗೆ ಅಷ್ಟು ಹೇಳಬಹುದು ಎಂದು ಸೇರುವಾಗಲೇ ಅವರು ಒಪ್ಪಿದ್ದಾರೆ. ಯಾವ ಪರೀಕ್ಷೆ ಆಯಿತು, ಏನು ಬಂತು ಎನ್ನುವುದನ್ನು ಮಾತ್ರ ಅವರನ್ನು ಕೇಳದೆ ನಾನು ಹೇಳುವ ಹಾಗಿಲ್ಲ.

ತಂಗಿ: ನಾನೇನು ಹೊರಗಿನವಳಾ? ಒಡಹುಟ್ಟಿದವಳು. ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ.

ನರ್ಸ್: ನಿದ್ದೆ ಹೇಗೆ ಬಂದೀತು ಹೇಳಿ. ದೂರದಲ್ಲಿ ಕೂತು ಕಾಯುವುದು ತುಂಬಾ ಕಷ್ಟ. ನೀವು ಕೇಳಿದ್ದು ತಪ್ಪು ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಫೋನಿನಲ್ಲಿ ನನಗೆ ಕೇಳಿಸುವುದು ದನಿ ಮಾತ್ರ. ಅದು ನೀವೇ ಎಂದು ಖಾತ್ರಿ ಆದರೂ, ಅವರ ಕಾಯಿಲೆಯ ಸುದ್ದಿ ಅವರದು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದೂ ಅವರದೇ.

ತಂಗಿ: ಹೋಗಲಿ, ಕ್ಯಾನ್ಸರ್ ಅಲ್ಲ ಅಂತಾದರೂ ಹೇಳಿ. ಅಷ್ಟೇ ಸಾಕು.

ನರ್ಸ್: ಅದನ್ನೂ ಹೇಳುವುದಿಲ್ಲ ಅಮ್ಮಾ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ. ಒಬ್ಬರಿಗೆ "ಅದಲ್ಲ" ಅಂದೆ ಅಂದುಕೊಳ್ಳಿ. ನಾಳೆ ಇನ್ನೊಬ್ಬರು ಕೇಳಿದಾಗ ಸುಮ್ಮನಿದ್ದರೆ, ಆ ಮೌನವೇ "ಹೌದು" ಅಂದ ಹಾಗಾಗುತ್ತದೆ. ಅದಕ್ಕೇ ಯಾರು ಯಾವ ಕಾಯಿಲೆಯ ಹೆಸರು ಹೇಳಿ ಕೇಳಿದರೂ ನನ್ನ ಉತ್ತರ ಒಂದೇ. ನಾನು ಹೇಳಲಿಲ್ಲ ಎಂದು ಏನೋ ಕೆಟ್ಟದ್ದಿದೆ ಅಂದುಕೊಳ್ಳಬೇಡಿ. ಒಳ್ಳೆಯ ಸುದ್ದಿ ಇದ್ದರೂ ಹೀಗೇ ಹೇಳುತ್ತಿದ್ದೆ.

ತಂಗಿ: ನನಗೆ ಹೇಳಬೇಡಿ ಅಂತ ಅವಳೇ ಅಂದಳಾ?

ನರ್ಸ್: ಹಾಗೆ ಅಂದರು ಅಂತಲೂ ಅಲ್ಲ, ಅನ್ನಲಿಲ್ಲ ಅಂತಲೂ ಅಲ್ಲ. ಅವರ ಗಂಡ, ಮಕ್ಕಳು ಯಾರೇ ಫೋನ್ ಮಾಡಿದರೂ ಮೊದಲು ಅವರನ್ನೇ ಕೇಳುತ್ತೇನೆ.

ತಂಗಿ: (ಅಳುತ್ತಾ) ಅಮ್ಮನೂ ಹೀಗೇ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ ಸಿಸ್ಟರ್.

ನರ್ಸ್: ಅಯ್ಯೋ. ಅದಕ್ಕೇ ಇಷ್ಟು ಭಯ ಆಗಿದೆ ನಿಮಗೆ. ಅಳಿ ಅಮ್ಮಾ, ಪರವಾಗಿಲ್ಲ. ನಾನು ಫೋನ್ ಇಡುವುದಿಲ್ಲ... ಪಕ್ಕದಲ್ಲಿ ಯಾರಾದರೂ ಇದ್ದಾರಾ?

ತಂಗಿ: ಮಗಳಿದ್ದಾಳೆ.

ನರ್ಸ್: ಒಳ್ಳೆಯದಾಯಿತು. ನಾನು ಹೇಳುವ ಹಾಗಿಲ್ಲ, ಆದರೆ ನೀವು ಹೇಳುವುದನ್ನು ಕೇಳಬಹುದು. ಅಕ್ಕನ ಬಗ್ಗೆ ನಮಗೆ ತಿಳಿದಿರಬೇಕಾದ್ದು ಏನಾದರೂ ಇದೆಯಾ? ಮೊದಲು ತೆಗೆದುಕೊಳ್ಳುತ್ತಿದ್ದ ಔಷಧಿ, ಮೈಗೆ ಆಗದಿದ್ದದ್ದು?

ತಂಗಿ: ಪೆನಿಸಿಲಿನ್ ಆಗುವುದಿಲ್ಲ! ಹೆರಿಗೆಯ ಹೊತ್ತಿನಲ್ಲಿ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು. ಅವಳು ಮರೆತುಬಿಡುತ್ತಾಳೆ.

ನರ್ಸ್: ಇದು ಬಹಳ ಮುಖ್ಯ. ಪೆನಿಸಿಲಿನ್, ದದ್ದು, ಉಸಿರಾಟದ ತೊಂದರೆ. ಬರೆದುಕೊಂಡೆ. ಈಗಲೇ ಡಾಕ್ಟರಿಗೆ ತಿಳಿಸಿ, ಫೈಲಿನಲ್ಲಿ ಇದೆಯಾ ಅಂತಲೂ ನೋಡುತ್ತೇನೆ. ನೀವು ಫೋನ್ ಮಾಡಿದ್ದು ಅಕ್ಕನಿಗೆ ಹೇಳಲಾ? ಏನಾದರೂ ತಿಳಿಸಬೇಕಾ?

ತಂಗಿ: ನಾನು ಬರಲು ರೆಡಿ ಇದ್ದೇನೆ ಅನ್ನಿ. ಒಂದು ಮಾತು ಅಂದರೆ ಸಾಕು.

ನರ್ಸ್: ಹಾಗೇ ಹೇಳುತ್ತೇನೆ. ಲೈನಿನಲ್ಲೇ ಇರಿ, ಸ್ವಲ್ಪ ಹೊತ್ತಾದರೂ ಕಟ್ ಮಾಡಬೇಡಿ.

(ಸ್ವಲ್ಪ ಹೊತ್ತಿನ ನಂತರ)

ನರ್ಸ್: ಅಮ್ಮಾ, ಇದ್ದೀರಾ? ಡಾಕ್ಟರಿಗೆ ಪೆನಿಸಿಲಿನ್ ವಿಷಯ ತಿಳಿಸಿದೆ. ಅಕ್ಕನಿಗೂ ನಿಮ್ಮ ಮಾತು ಮುಟ್ಟಿಸಿದೆ. ಸಂಜೆ ಆರು ಗಂಟೆಗೆ ತಾವೇ ಫೋನ್ ಮಾಡುತ್ತಾರಂತೆ. ಇದನ್ನು ನಿಮಗೆ ಹೇಳಿ ಅಂದದ್ದು ಅವರೇ.

ತಂಗಿ: ಹೇಗೆ ಕಾಣುತ್ತಿದ್ದಾಳೆ? ಅಳುತ್ತಿದ್ದಳಾ?

ನರ್ಸ್: ಅದನ್ನು ಅವರ ಬಾಯಿಂದಲೇ ಕೇಳಿ ಅಮ್ಮಾ. ಇನ್ನೊಂದು ಮಾತು, ಇದನ್ನು ಎಲ್ಲ ಮನೆಯವರಿಗೂ ಹೇಳುತ್ತೇನೆ. ಫೋನ್ ಎತ್ತಿದ ಕೂಡಲೇ ರಿಪೋರ್ಟ್ ಕೇಳಬೇಡಿ. ಅವರು ಮಾತಾಡಲಿ, ಅವರಾಗಿ ಹೇಳಿದಷ್ಟು ಕೇಳಿ. ಡಾಕ್ಟರ್ ಜೊತೆಗೂ ಮಾತಾಡಬೇಕು ಅನ್ನಿಸಿದರೆ ಅದನ್ನು ಅಕ್ಕನ ಹತ್ತಿರವೇ ಹೇಳಿ. ಅವರು ಒಪ್ಪಿದರೆ ನಾಳೆ ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ಅವರ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಮೂವರೂ ಮಾತಾಡಬಹುದು. ಡಾಕ್ಟರಿಗೆ ನಾನು ತಿಳಿಸಿರುತ್ತೇನೆ.

ತಂಗಿ: ಆರು ಗಂಟೆಗೆ ಮಾಡದಿದ್ದರೆ?

ನರ್ಸ್: ಏಳರ ಮೇಲೆ ಇದೇ ನಂಬರಿಗೆ ಮಾಡಿ. ಆಗ ರಾತ್ರಿ ಪಾಳಿಯವರು ಇರುತ್ತಾರೆ. ಅವರೂ ಕಾಯಿಲೆಯ ವಿಷಯ ಹೇಳುವುದಿಲ್ಲ, ಆದರೆ ಅಕ್ಕ ಮಾತಾಡಲು ಒಪ್ಪಿದರೆ ಫೋನ್ ಅವರ ಕೈಗೆ ಕೊಡುತ್ತಾರೆ. ನಾನು ಹೋಗುವ ಮುಂಚೆ ಅವರಿಗೆ ಹೇಳಿ, ಬರೆದೂ ಇಡುತ್ತೇನೆ.